ಎಬಿಸಿ ಜೊತೆ ಎಕ್ಸ್‌ವೈಝಡ್: ಯಾವ ಐಟಂ ಮೇಲೆ ಕಣ್ಣಿಡಬೇಕು, ಯಾವುದನ್ನು ತುಂಬಿಟ್ಟು ಮರೆಯಬಹುದು? (ಪದೇ ಪದೇ ಕೇಳುವ ಪ್ರಶ್ನೆಗಳು)

ಸ್ಟಾಕಿನ ಐಟಂಗಳನ್ನು ಗುಂಪು ಮಾಡುವ ಎಬಿಸಿ, ಎಕ್ಸ್‌ವೈಝಡ್ ವಿಧಾನಗಳ ಬಗ್ಗೆ ಸ್ಟೋರ್ ನೋಡಿಕೊಳ್ಳುವವರು, ಖರೀದಿ ವಿಭಾಗದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಎಲ್ಲ ಉತ್ತರಗಳಿಗೂ ಒಂದೇ ಉದಾಹರಣೆ: ತಿಂಗಳಿಗೆ ಸುಮಾರು 100 ನೀರಿನ ಪಂಪ್ ಜೋಡಿಸುವ ಒಂದು ಸಣ್ಣ ಕಾರ್ಖಾನೆ, ಅದರ ಸ್ಟೋರಿನಲ್ಲಿ ಹತ್ತು ಐಟಂ. ಇದು ಲೆಕ್ಕ ತೋರಿಸಲು ನಾನೇ ಮಾಡಿಕೊಂಡ ಕಾರ್ಖಾನೆ. ಬೆಲೆಗಳು ಬರೀ ಅಂಕಿಗಳು, ನಿಮ್ಮ ಹಣ ಯಾವುದಾದರೂ ಲೆಕ್ಕ ಬದಲಾಗುವುದಿಲ್ಲ.

## ಎಬಿಸಿ ಮಾಡಿಯೇ ಇದ್ದೇವೆ. ಇನ್ನೊಂದು ಯಾಕೆ?

ಎಬಿಸಿ ಹೇಳುವುದು ಒಂದೇ ವಿಷಯ: ಹಣ ಎಲ್ಲಿ ಹೋಗುತ್ತಿದೆ. ಜನರಲ್ ಎಲೆಕ್ಟ್ರಿಕ್‌ನ ಎಚ್. ಫೋರ್ಡ್ ಡಿಕಿ 1951ರಲ್ಲಿ ಇದನ್ನು ಸ್ಟಾಕ್ ನಿರ್ವಹಣೆಗೆ ತಂದಾಗಲೂ ಉದ್ದೇಶ ಅಷ್ಟೇ ಇತ್ತು. ಬಿಡಿಗಾಸಿನ ಐಟಂಗಳ ಹಿಂದೆ ಓಡುವುದನ್ನು ಬಿಟ್ಟು, ದುಡ್ಡಿರುವ ಕಡೆ ಗಮನ ಕೊಡಿ ಅಂತ.

ಆದರೆ ಅದು ಹೇಳದೇ ಬಿಡುವ ಮಾತೊಂದಿದೆ. ಎರಡು ಐಟಂಗಳಿಗೂ ವರ್ಷಕ್ಕೆ ಒಂದೇ ಮೌಲ್ಯ ಇರಬಹುದು. ಒಂದು ಪ್ರತಿ ತಿಂಗಳೂ ಒಂದೇ ಸಮನೆ ಖರ್ಚಾಗುತ್ತದೆ. ಇನ್ನೊಂದು ನಾಲ್ಕು ತಿಂಗಳು ಸುಮ್ಮನೆ ಕೂತು, ಒಂದು ದಿನ ಇದ್ದಕ್ಕಿದ್ದಂತೆ 45 ಬೇಕು ಎನ್ನುತ್ತದೆ. ಎಬಿಸಿ ಪಟ್ಟಿಯಲ್ಲಿ ಇವೆರಡೂ ಅಕ್ಕಪಕ್ಕ ಕೂತಿರುತ್ತವೆ. ಎರಡನ್ನೂ ಒಂದೇ ರೀತಿ ನಡೆಸಿಕೊಂಡರೆ ಒಂದರಲ್ಲಿ ದುಡ್ಡು ಹೂತುಹೋಗುತ್ತದೆ, ಇಲ್ಲವೇ ಇನ್ನೊಂದರಲ್ಲಿ ಲೈನ್ ನಿಲ್ಲುತ್ತದೆ. ಎಕ್ಸ್‌ವೈಝಡ್ ಇರುವುದು ಈ ವ್ಯತ್ಯಾಸ ತೋರಿಸಲು. ಎಕ್ಸ್ ಅಂದರೆ ಬೇಡಿಕೆ ಸಮನಾಗಿದೆ, ವೈ ಅಂದರೆ ಏರಿಳಿತ ಇದೆ, ಝಡ್ ಅಂದರೆ ಯಾವಾಗ ಎಷ್ಟು ಬೇಕಾಗುತ್ತದೋ ಹೇಳುವುದು ಕಷ್ಟ.

## ಗುಂಪು ಮಾಡುವುದು ಹೇಗೆ?

ಎಬಿಸಿಗೆ ವರ್ಷದ ಬಳಕೆಯನ್ನು ಬೆಲೆಯಿಂದ ಗುಣಿಸಿ, ದೊಡ್ಡದು ಮೇಲೆ ಬರುವಂತೆ ಜೋಡಿಸಿ. ಮೇಲಿಂದ ಕೂಡುತ್ತಾ ಬಂದು ಒಟ್ಟು ಮೌಲ್ಯದ 80% ಆಗುವವರೆಗೆ ಎ, 95% ಆಗುವವರೆಗೆ ಬಿ, ಉಳಿದದ್ದು ಸಿ. ಈ ಗಡಿಗಳು ರೂಢಿಯಿಂದ ಬಂದವು, ಶಾಸನವಲ್ಲ.

ಎಕ್ಸ್‌ವೈಝಡ್‌ಗೆ ತಿಂಗಳ ಬಳಕೆಯ ಮಾನಕ ವಿಚಲನೆಯನ್ನು ಸರಾಸರಿಯಿಂದ ಭಾಗಿಸಬೇಕು. ಬರುವ ಅಂಕಿಗೆ ಸಿವಿ ಅನ್ನುತ್ತಾರೆ. ಸರಾಸರಿಯ ಸುತ್ತ ಬೇಡಿಕೆ ಎಷ್ಟು ಓಲಾಡುತ್ತದೆ ಎನ್ನುವುದರ ಅಳತೆ ಅದು. 0.5ರವರೆಗೆ ಎಕ್ಸ್, 1ರವರೆಗೆ ವೈ, ಅದಕ್ಕಿಂತ ಜಾಸ್ತಿ ಇದ್ದರೆ ಝಡ್. ಕೆಲವರು 0.25 ಮತ್ತು 0.5 ಇಟ್ಟುಕೊಳ್ಳುತ್ತಾರೆ. ಎರಡೂ ನಡೆಯುತ್ತದೆ, ಆದರೆ ಒಂದನ್ನು ಹಿಡಿದರೆ ಅದನ್ನೇ ಮುಂದುವರಿಸಿ.

ನಮ್ಮ ಪಂಪ್ ಕಾರ್ಖಾನೆಯ ಪಟ್ಟಿ ಹೀಗೆ ಬಂತು:

| ಐಟಂ | ವರ್ಷದ ಬಳಕೆ | ಬೆಲೆ | ಮೌಲ್ಯ | ಸಿವಿ | ಗುಂಪು |
|---|---|---|---|---|---|
| ಮೋಟರ್ | 1,200 | 30 | 36,000 | 0.10 | ಎ-ಎಕ್ಸ್ |
| ಎರಕದ ಬಾಡಿ | 1,200 | 22 | 26,400 | 0.12 | ಎ-ಎಕ್ಸ್ |
| ವಿಶೇಷ ಸೀಲ್ | 96 | 200 | 19,200 | 1.92 | ಎ-ಝಡ್ |
| ಬೇರಿಂಗ್ | 2,400 | 3 | 7,200 | 0.30 | ಬಿ-ಎಕ್ಸ್ |
| ಶಾಫ್ಟ್ | 1,200 | 4 | 4,800 | 0.15 | ಬಿ-ಎಕ್ಸ್ |
| ಸಾದಾ ಸೀಲ್ | 1,200 | 2.50 | 3,000 | 0.60 | ಬಿ-ವೈ |
| ಬೋಲ್ಟ್ | 24,000 | 0.10 | 2,400 | 0.20 | ಸಿ-ಎಕ್ಸ್ |
| ಪೇಂಟ್ (ಲೀಟರ್) | 600 | 3 | 1,800 | 0.70 | ಸಿ-ವೈ |
| ನೇಮ್ ಪ್ಲೇಟ್ | 1,200 | 0.92 | 1,104 | 0.10 | ಸಿ-ಎಕ್ಸ್ |
| ವಿಶೇಷ ಗ್ಯಾಸ್ಕೆಟ್ | 96 | 1 | 96 | 1.92 | ಸಿ-ಝಡ್ |

ಒಟ್ಟು 1,02,000. ಮೊದಲ ಮೂರು ಐಟಂ ಸೇರಿದರೆ 81,600, ಅಂದರೆ ಸರಿಯಾಗಿ 80%.

ಈ ಪಟ್ಟಿಯಲ್ಲಿ ಮೂರು ಸಾಲು ಮಾತ್ರ ನೋಡಿ: ಮೋಟರ್, ವಿಶೇಷ ಸೀಲ್, ವಿಶೇಷ ಗ್ಯಾಸ್ಕೆಟ್. ಕೊನೆಯ ಎರಡು ಯಾವಾಗಲೂ ಜೋಡಿಯಾಗಿಯೇ ಹೋಗುತ್ತವೆ, ಹಾಗಾಗಿ ಸಿವಿ ಒಂದೇ. ಬೆಲೆ ಮಾತ್ರ 200 ಪಟ್ಟು ಬೇರೆ. ಈ ಮೂರು ಅರ್ಥವಾದರೆ ಉಳಿದ ಗುಂಪುಗಳು ತಾವಾಗಿಯೇ ತಿಳಿಯುತ್ತವೆ.

## ಎಕ್ಸೆಲ್‌ನಲ್ಲಿ ಮಾಡಬಹುದಾ?

ಧಾರಾಳವಾಗಿ. A ಕಾಲಂನಲ್ಲಿ ಹೆಸರು, B ಕಾಲಂನಲ್ಲಿ ಬೆಲೆ, C ಇಂದ N ವರೆಗೆ 12 ತಿಂಗಳ ಬಳಕೆ. O ಕಾಲಂನಲ್ಲಿ ಮೌಲ್ಯ ಬಂದ ಮೇಲೆ ಅದರ ಪ್ರಕಾರ ಇಳಿಕೆ ಕ್ರಮದಲ್ಲಿ ಜೋಡಿಸಿ, ಆಮೇಲೆ ಉಳಿದ ಸೂತ್ರ ಹಾಕಿ. ಎರಡನೇ ಸಾಲಿನ ಸೂತ್ರಗಳು ಇವು:

```
O2: =B2*SUM(C2:N2)
P2: =SUM(O$2:O2)/SUM(O$2:O$11)
Q2: =IF(P2<=0.8,"A",IF(P2<=0.95,"B","C"))
R2: =STDEV.S(C2:N2)/AVERAGE(C2:N2)
S2: =IF(R2<=0.5,"X",IF(R2<=1,"Y","Z"))
T2: =Q2&S2
```

ಒಂದೇ ಐಟಂ ಒಟ್ಟು ಮೌಲ್ಯದ 85% ಇದ್ದರೆ ಈ ಸೂತ್ರ ಅದನ್ನು ಬಿ ಗುಂಪಿಗೆ ತಳ್ಳುತ್ತದೆ. ಅಂಥದ್ದು ಕಂಡರೆ ಕೈಯಿಂದಲೇ ಎ ಮಾಡಿ. ಅದು ಚಿಕ್ಕ ತಪ್ಪು, ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ ತಪ್ಪು ಮುಂದಿನ ಪ್ರಶ್ನೆಯಲ್ಲಿದೆ.

## ವರ್ಷಕ್ಕೆ ಮೂರೇ ಸಲ ಹೋಗುವ ಐಟಂ ಎಕ್ಸ್ ಅಂತ ಬಂದಿದೆ. ಹೇಗೆ?

ಬಳಕೆ ಇಲ್ಲದ ತಿಂಗಳುಗಳಲ್ಲಿ ಸೊನ್ನೆ ಹಾಕುವ ಬದಲು ಖಾಲಿ ಬಿಟ್ಟಿದ್ದೀರಿ. ಬಹುತೇಕ ಇದೇ ಕಾರಣ ಇರುತ್ತದೆ.

ನಮ್ಮ ವಿಶೇಷ ಸೀಲನ್ನೇ ತೆಗೆದುಕೊಳ್ಳಿ. 12 ತಿಂಗಳ ಬಳಕೆ: 0, 0, 30, 0, 0, 0, 45, 0, 0, 0, 21, 0. ಸರಾಸರಿ 8, ಮಾನಕ ವಿಚಲನೆ 15.4, ಸಿವಿ 1.92. ಎದ್ದು ಕಾಣುವ ಝಡ್. ಈಗ ಸೊನ್ನೆಗಳನ್ನು ಅಳಿಸಿ ಖಾಲಿ ಬಿಡಿ. ಎಕ್ಸೆಲ್‌ನ ಸರಾಸರಿ, ಮಾನಕ ವಿಚಲನೆ ಎರಡೂ ಖಾಲಿ ಕೋಶವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಉಳಿದದ್ದು 30, 45, 21. ಸರಾಸರಿ 32, ಮಾನಕ ವಿಚಲನೆ 12.1, ಸಿವಿ 0.38. ನೋಡಿ, ಎಕ್ಸ್ ಆಗಿಹೋಯಿತು!

ಸ್ಟೋರ್ ಸಾಫ್ಟ್‌ವೇರ್‌ನಿಂದ ತೆಗೆದ ರಿಪೋರ್ಟುಗಳಲ್ಲಿ ವಹಿವಾಟು ಇಲ್ಲದ ತಿಂಗಳು ಖಾಲಿಯಾಗಿಯೇ ಬರುವುದು ಸಾಮಾನ್ಯ. ನಾನೂ ಒಮ್ಮೆ ಹೀಗೆ ಮಾಡಿ, ಇಡೀ ಪಟ್ಟಿಯಲ್ಲಿ ಝಡ್ ಐಟಂಗಳೇ ಇಲ್ಲ ಎಂದು ಖುಷಿಪಟ್ಟಿದ್ದೆ. ಸ್ಟೋರಿನ ಹಿರಿಯರೊಬ್ಬರು ಪಟ್ಟಿ ನೋಡಿ ನಕ್ಕ ಮೇಲೆ ತಪ್ಪು ಗೊತ್ತಾಯಿತು. ಪರೀಕ್ಷೆ ಸುಲಭ: `COUNT(C2:N2)` ಪ್ರತಿ ಸಾಲಿಗೂ 12 ಕೊಡಬೇಕು. ಕಡಿಮೆ ಬಂದರೆ ಆ ಸಾಲಿನಲ್ಲಿ ಖಾಲಿ ಕೋಶ ಇದೆ.

## ಅತಿ ದುಬಾರಿ ಐಟಂಗೇ ಅತಿ ದೊಡ್ಡ ಬಫರ್ ಬೇಕಲ್ವಾ?

ಬೇಡ. ಹೆಚ್ಚಿನವರು ಎಡವುವುದು ಇಲ್ಲೇ. ಮೋಟರ್ ಇಲ್ಲದಿದ್ದರೆ ಪಂಪ್ ಇಲ್ಲ, ಹಾಗಾಗಿ ಒಂದು ತಿಂಗಳ ಮೋಟರ್ ಯಾವಾಗಲೂ ಇರಲಿ ಎನ್ನುತ್ತಾರೆ. ಲೆಕ್ಕ ಏನು ಹೇಳುತ್ತದೆ ನೋಡೋಣ.

ಮೋಟರ್ ಬಳಕೆ ತಿಂಗಳಿಗೆ 88, 108, 115, 90, 105, 94, 110, 85, 100, 112, 91, 102. ಸರಾಸರಿ 100, ಮಾನಕ ವಿಚಲನೆ 10.2. ಸರಬರಾಜಿಗೆ ಒಂದು ತಿಂಗಳು ಬೇಕು. ಮಾಲು ಬರುವವರೆಗೆ ಖಾಲಿಯಾಗದೆ ಇರುವ ಸಾಧ್ಯತೆ 95% ಇರಲಿ ಎಂದರೆ ಗುಣಕ 1.645. ಬಫರಿನ ಸೂತ್ರ ಎಲ್ಲರಿಗೂ ಗೊತ್ತಿರುವುದೇ:

```
SS = z * sd * SQRT(L)
```

ಇಲ್ಲಿ `SS` ಅಂದರೆ ಬಫರ್, `z` ಆ ಗುಣಕ, `sd` ತಿಂಗಳ ಬಳಕೆಯ ಮಾನಕ ವಿಚಲನೆ, `L` ಮಾಲು ಬರಲು ಬೇಕಾದ ತಿಂಗಳು. 1.645 × 10.2 × 1 = 16.8, ಅಂದರೆ 17 ಮೋಟರ್. ಹಣದಲ್ಲಿ 510. ವರ್ಷಕ್ಕೆ 36,000 ನುಂಗುವ ಐಟಂಗೆ 510ರ ಬಫರ್ ಸಾಕು! ಬೇಡಿಕೆ ಅಷ್ಟು ಸಮನಾಗಿದೆ.

ಹಾಗಾದರೆ ಬಿಗಿ ಹತೋಟಿ ಯಾತಕ್ಕೆ? ಮೋಟರಿನಲ್ಲಿ ದುಡ್ಡು ಕೂತಿರುವುದು ಬಫರಿನಲ್ಲಿ ಅಲ್ಲ, ಒಂದೊಂದು ಸಲ ತರಿಸುವ ಲೋಡಿನಲ್ಲಿ. ತಿಂಗಳಿಗೊಮ್ಮೆ 100 ತರಿಸಿದರೆ ಸರಾಸರಿ 50 ಮೋಟರ್ ಸ್ಟೋರಿನಲ್ಲಿ ಇರುತ್ತವೆ, ಅಂದರೆ 1,500. ವಾರಕ್ಕೊಮ್ಮೆ 25ರಂತೆ ತರಿಸಿದರೆ ಸರಾಸರಿ 12.5, ಅಂದರೆ 375. ಒಂದೇ ಒಂದು ಒಪ್ಪಂದದಿಂದ 1,125 ಬಿಡುಗಡೆಯಾಯಿತು. ಸಾಗಾಣಿಕೆ ಖರ್ಚು ಎಷ್ಟು ಏರುತ್ತದೆ ಎಂದು ಇದರ ಎದುರಿಗೆ ಇಟ್ಟು ನೋಡಿ.

ಎ-ಎಕ್ಸ್‌ನಲ್ಲಿ ಬಿಗಿ ಹತೋಟಿ ಎಂದರೆ ಇಷ್ಟೇ: ಪದೇ ಪದೇ ಸ್ವಲ್ಪ ಸ್ವಲ್ಪ ತರಿಸುವುದು, ಸರಬರಾಜುದಾರನಿಗೆ ಮುಂದಿನ ವಾರಗಳ ಯೋಜನೆ ಮೊದಲೇ ಕೊಡುವುದು, ವಾರಕ್ಕೊಮ್ಮೆ ಎಣಿಸಿ ಸಿಸ್ಟಂನ ಅಂಕಿಗೆ ತಾಳೆ ನೋಡುವುದು. ಎಣಿಕೆ ಬಿಡಬೇಡಿ. ಬಫರ್ 17 ಇರುವಾಗ ಸಿಸ್ಟಂನಲ್ಲಿ 20 ಮೋಟರ್ ತಪ್ಪಾಗಿ ಜಾಸ್ತಿ ತೋರಿಸಿದರೆ ಬಫರ್ ಇದ್ದೂ ಇಲ್ಲದಂತೆ.

## ಹಾಗಾದರೆ ಎ-ಝಡ್ ಐಟಂಗೆ ಬಫರ್ ತುಂಬಬೇಕಾ?

ಇಡೀ ವಿಂಗಡಣೆಯಲ್ಲಿ ತಲೆನೋವಿನ ಕೋಣೆ ಇದು. ಅದಕ್ಕೇ ಇದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ.

ಅದೇ ಸೂತ್ರವನ್ನು ವಿಶೇಷ ಸೀಲಿಗೆ ಹಾಕಿ. ಮಾನಕ ವಿಚಲನೆ 15.4, ಮಾಲು ಬರಲು 2 ತಿಂಗಳು. 1.645 × 15.4 × 1.414, ಅಂದರೆ ಸುಮಾರು 36 ಸೀಲ್. ಆ ಎರಡು ತಿಂಗಳ ಸರಾಸರಿ ಬಳಕೆ 16. ಎರಡೂ ಸೇರಿ, 52ಕ್ಕೆ ಇಳಿದಾಗ ಆರ್ಡರ್ ಹಾಕಬೇಕು ಎಂದು ಸೂತ್ರ ಹೇಳುತ್ತದೆ. 52 ಸೀಲ್ ಎಂದರೆ ಆರೂವರೆ ತಿಂಗಳ ಬಳಕೆ, ಹಣದಲ್ಲಿ 10,400. ಇಡೀ ಸ್ಟೋರಿನ ವರ್ಷದ ಬಳಕೆ ಮೌಲ್ಯದ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಒಂದೇ ಶೆಲ್ಫಿನಲ್ಲಿ, ಮೂರ್ನಾಲ್ಕು ತಿಂಗಳು ಯಾರೂ ಮುಟ್ಟದೆ.

ಅದರ ಮೇಲೆ ಆ ಸೂತ್ರವೇ ಇಲ್ಲಿಗೆ ಹೊಂದುವುದಿಲ್ಲ. ಬೇಡಿಕೆ ಸರಾಸರಿಯ ಆಚೆ ಈಚೆ ಗಂಟೆಯಾಕಾರದಲ್ಲಿ ಹರಡಿದೆ ಎಂದು ಅದು ನಂಬುತ್ತದೆ. ನಮ್ಮ ಸೀಲ್ ಯಾವ ತಿಂಗಳೂ 8 ಹೋಗಿಲ್ಲ. ಒಂದೋ ಸೊನ್ನೆ, ಇಲ್ಲ ಇಪ್ಪತ್ತರ ಮೇಲೆ. ಇಂಥ ಬಿಟ್ಟು ಬಿಟ್ಟು ಬರುವ ಬೇಡಿಕೆಗೆ ಕ್ರಾಸ್ಟನ್ ಎಂಬವರು 1972ರಲ್ಲೇ ಬೇರೆ ದಾರಿ ತೋರಿಸಿದರು: ಎಷ್ಟು ದಿನಕ್ಕೊಮ್ಮೆ ಬೇಡಿಕೆ ಬರುತ್ತದೆ, ಬಂದಾಗ ಎಷ್ಟು ಬರುತ್ತದೆ, ಎರಡನ್ನೂ ಬೇರೆ ಬೇರೆ ಅಂದಾಜು ಮಾಡಬೇಕು. ಆದರೆ ವರ್ಷಕ್ಕೆ ಮೂರೇ ಸಲ ಬೇಡಿಕೆ ಇರುವಾಗ ಯಾವ ವಿಧಾನಕ್ಕೂ ತಿನ್ನಲು ಸಾಕಷ್ಟು ಅಂಕಿ ಸಿಗುವುದಿಲ್ಲ.

ಇಲ್ಲಿ ಲೆಕ್ಕ ನಿಲ್ಲಿಸಿ ಫೋನ್ ಎತ್ತಿಕೊಳ್ಳಬೇಕು. ಆ ಮೂರು ಆರ್ಡರ್ ಯಾರದು? ನಮ್ಮ ಉದಾಹರಣೆಯಲ್ಲಿ ಮೂರೂ ಒಬ್ಬನೇ ಗ್ರಾಹಕನವು ಎಂದುಕೊಳ್ಳಿ. ಅವನು ತನ್ನ ಘಟಕವನ್ನು ರಿಪೇರಿಗೆ ನಿಲ್ಲಿಸಿದಾಗಲೆಲ್ಲ ಸೀಲುಗಳನ್ನು ಒಟ್ಟಿಗೆ ಬದಲಾಯಿಸುತ್ತಾನೆ. ನಿಲ್ಲಿಸುವ ದಿನ ಅವನಿಗೆ ಆರು ವಾರ ಮೊದಲೇ ಗೊತ್ತಿರುತ್ತದೆ. ನಮಗೆ ಹೇಳುವುದು ಮಾತ್ರ ಕೊನೇ ವಾರದಲ್ಲಿ. ಅಂದರೆ ಬೇಡಿಕೆ ಝಡ್ ಆಗಿರಲೇ ಇಲ್ಲ. ಸುದ್ದಿ ತಡವಾಗಿ ಬರುತ್ತಿತ್ತು, ಅಷ್ಟೇ.

ಈಗ ಎರಡು ಕೆಲಸ. ಆ ದಿನಾಂಕ ನಿಗದಿಯಾದ ಕೂಡಲೇ ನಮಗೆ ತಿಳಿಸಲು ಒಪ್ಪಿಸುವುದು. ಸೀಲ್ ಮಾಡುವವನ ಹತ್ತಿರ ಅರ್ಧ ತಯಾರಾದ ರಿಂಗುಗಳನ್ನು ಇಡಿಸಿ, ಎರಡು ತಿಂಗಳ ಕಾಯುವಿಕೆಯನ್ನು ಆರು ವಾರದ ಒಳಗೆ ತರುವುದು. ಇವೆರಡು ಆದರೆ ಸೀಲನ್ನು ಆರ್ಡರ್ ಬಂದ ಮೇಲೆ ತರಿಸಿದರೂ ಸಮಯಕ್ಕೆ ಸಿಗುತ್ತದೆ. ತುರ್ತಿಗೆ ಐದಾರು ಇಟ್ಟುಕೊಂಡರೆ ಸಾಕು, ಆರು ಎಂದರೆ 1,200. 10,400 ಎಲ್ಲಿ, 1,200 ಎಲ್ಲಿ!

ಗ್ರಾಹಕ ಒಪ್ಪದಿದ್ದರೆ? ಆಗ ಉಳಿಯುವುದು ಎರಡೇ ದಾರಿ. ಎರಡು ತಿಂಗಳಾಗುತ್ತದೆ ಎಂದು ಮುಖಕ್ಕೇ ಹೇಳುವುದು, ಇಲ್ಲವೇ ಸ್ಟಾಕ್ ಇಟ್ಟು ಅದರ ಖರ್ಚನ್ನು ಬೆಲೆಯಲ್ಲಿ ಸೇರಿಸುವುದು. ಎರಡೂ ಸ್ಟೋರ್‌ಕೀಪರ್ ಒಬ್ಬನೇ ತೆಗೆದುಕೊಳ್ಳುವ ತೀರ್ಮಾನವಲ್ಲ. ಮಾರಾಟದವರೂ ಸಹಿ ಹಾಕಬೇಕು. ಎ-ಝಡ್ ಪಟ್ಟಿ ಸಾಮಾನ್ಯವಾಗಿ ಚಿಕ್ಕದು. ಆ ಪಟ್ಟಿಗೊಂದು ತಿಂಗಳ ಸಭೆ ಇಟ್ಟು ಒಂದೊಂದೇ ಐಟಂ ಮಾತಾಡಿ ಮುಗಿಸಿ.

## ಗ್ಯಾಸ್ಕೆಟ್‌ಗೂ ಅದೇ ಏರಿಳಿತ. ಅದಕ್ಕೂ ಫೋನ್ ಮಾಡಬೇಕಾ?

ದಯವಿಟ್ಟು ಬೇಡ. ಫೋನ್ ಖರ್ಚೇ ಜಾಸ್ತಿ.

52 ಗ್ಯಾಸ್ಕೆಟ್ ಎಂದರೆ ಹಣದಲ್ಲಿ 52. ಇಲ್ಲಿ ಸೂತ್ರ ಸರಿ ಇದೆಯೋ ಇಲ್ಲವೋ ಎಂದು ತಲೆ ಕೆಡಿಸಿಕೊಳ್ಳುವುದೂ ದಂಡ. ಸಿ-ಝಡ್‌ಗೆ ನಾನು ಬಳಸುವ ನಿಯಮ ಒರಟು: ಕಳೆದ ವರ್ಷದ ಎರಡು ಅತಿ ದೊಡ್ಡ ಬೇಡಿಕೆಗಳನ್ನು ಕೂಡಿಸಿ ಇಟ್ಟುಬಿಡಿ. ನಮ್ಮಲ್ಲಿ 45 + 30 = 75. ಒಟ್ಟು 75ರ ಸ್ಟಾಕ್. ಅದು ಪೂರ್ತಿ ವರ್ಷ ಕೂತರೂ ಯಾರ ನಿದ್ದೆಯೂ ಕೆಡುವುದಿಲ್ಲ. ಗ್ಯಾಸ್ಕೆಟ್ ಇಲ್ಲದೆ 200ರ ಸೀಲ್ ಕೈಯಲ್ಲಿ ಹಿಡಿದು ಗ್ರಾಹಕ ಕಾದರೆ ಮಾತ್ರ ಕೆಡುತ್ತದೆ.

ಒಂದು ಎಚ್ಚರಿಕೆ ಮಾತ್ರ. ರಬ್ಬರ್, ಅಂಟು, ಪೇಂಟ್ ಇಂಥವು ಕಾಲಕ್ರಮದಲ್ಲಿ ಹಾಳಾಗುತ್ತವೆ. ತುಂಬಿಡುವ ಮೊದಲು ಪೊಟ್ಟಣದ ಮೇಲಿನ ಬಾಳಿಕೆ ಅವಧಿ ನೋಡಿ, ಹಳೆಯದು ಮೊದಲು ಹೋಗುವಂತೆ ಇಡಿ.

ಕೆಲವರು ಎ ಐಟಂಗೆ 98%, ಸಿ ಐಟಂಗೆ 90% ಲಭ್ಯತೆ ಸಾಕು ಎಂದು ನಿಗದಿ ಮಾಡುತ್ತಾರೆ. ಅಗ್ಗದ ಐಟಂ ಮುಖ್ಯವಲ್ಲ ಅನ್ನುವ ಊಹೆ ಅದರ ಹಿಂದಿದೆ. ನನಗೆ ಅದು ತಲೆಕೆಳಗಾಗಿ ಕಾಣುತ್ತದೆ. ಸಿ ಐಟಂನಲ್ಲಿ ಲಭ್ಯತೆ ಕೊಳ್ಳುವುದು ಬಹಳ ಅಗ್ಗ. ಒಂದು ಗ್ಯಾಸ್ಕೆಟ್ ಇಲ್ಲದೆ ನಿಂತ ಪಂಪ್, ಮೋಟರ್ ಇಲ್ಲದೆ ನಿಂತ ಪಂಪ್‌ನಷ್ಟೇ ನಿಂತಿರುತ್ತದೆ.

## ಸಿ-ಎಕ್ಸ್ ಮತ್ತು ಮಧ್ಯದ ಗುಂಪುಗಳು?

ಸಿ-ಎಕ್ಸ್‌ಗೆ ಎರಡು ಡಬ್ಬಿ ಪದ್ಧತಿ. ಒಂದೊಂದು ಡಬ್ಬಿಯಲ್ಲಿ ಒಂದು ತಿಂಗಳ ಬೋಲ್ಟ್, ಅಂದರೆ 2,000. ಒಂದು ಖಾಲಿಯಾದ ಕೂಡಲೇ ಆರ್ಡರ್, ಅದು ಬರುವವರೆಗೆ ಇನ್ನೊಂದರಿಂದ ಬಳಕೆ. ಪ್ರತಿ ಬೋಲ್ಟಿಗೆ ಚೀಟಿ ಬರೆಸುವುದನ್ನು ನಿಲ್ಲಿಸಿ.

ಬಿ-ಎಕ್ಸ್, ಬಿ-ವೈ, ಸಿ-ವೈ ಗುಂಪುಗಳನ್ನು ಸೂತ್ರದ ಕೈಗೆ ಕೊಡಿ. ಸಾಫ್ಟ್‌ವೇರ್ ರೀಆರ್ಡರ್ ಮಟ್ಟ ಲೆಕ್ಕ ಹಾಕಲಿ, ನೀವು ಮೂರು ತಿಂಗಳಿಗೊಮ್ಮೆ ಕಣ್ಣಾಡಿಸಿ. ಎ-ವೈ ಮತ್ತು ಬಿ-ಝಡ್ ಬಂದರೆ ಮೊದಲು ಏರಿಳಿತದ ಕಾರಣ ಹುಡುಕಿ. ಯಾಕೆ ಎಂದು ಕೆಳಗೆ ಹೇಳಿದ್ದೇನೆ.

## ಪ್ರತಿ ತಿಂಗಳೂ ಬೇಡಿಕೆ ಏರುತ್ತಿರುವ ಐಟಂ ವೈ ಅಂತ ಬಂತು. ಇದು ಸರಿಯಾ?

ಸೂತ್ರದ ಪ್ರಕಾರ ಸರಿ, ಅರ್ಥದಲ್ಲಿ ತಪ್ಪು. ಒಂದು ಹೊಸ ಮಾದರಿಯ ಭಾಗ ಮೊದಲ ತಿಂಗಳು 10, ಆಮೇಲೆ 20, 30 ಹೀಗೆ ಹನ್ನೆರಡನೇ ತಿಂಗಳಿಗೆ 120 ಹೋಗಿದೆ ಎಂದುಕೊಳ್ಳಿ. ಸರಾಸರಿ 65, ಮಾನಕ ವಿಚಲನೆ 36, ಸಿವಿ 0.55. ಹಾಗಾಗಿ ವೈ. ಆದರೆ ಮುಂದಿನ ತಿಂಗಳು ಎಷ್ಟು ಎಂದು ಶಾಲೆ ಮಗುವೂ ಹೇಳುತ್ತದೆ.

ಸಿವಿ ಏರಿಳಿತವನ್ನು ಅಳೆಯುತ್ತದೆ. ನಮಗೆ ಬೇಕಿರುವುದು ಅನಿಶ್ಚಿತತೆ. ಎರಡೂ ಒಂದೇ ಅಲ್ಲ. ಪ್ರತಿ ವರ್ಷ ಅದೇ ತಿಂಗಳಲ್ಲಿ ಬೇಡಿಕೆ ಏರುವ ಐಟಂಗಳಲ್ಲೂ ಇದೇ ಗೊಂದಲ. ಮುನ್ನಂದಾಜು ಮಾಡುವ ಅಭ್ಯಾಸ ಇದ್ದರೆ, ಬಳಕೆಯ ಮಾನಕ ವಿಚಲನೆಯ ಜಾಗದಲ್ಲಿ ಅಂದಾಜಿನ ತಪ್ಪಿನ ಮಾನಕ ವಿಚಲನೆ ಹಾಕಿ. ಬಫರ್ ಇರುವುದೇ ಅಂದಾಜು ತಪ್ಪಿದಾಗ ಕಾಯಲು. ಅಂದಾಜು ಮಾಡುವ ಅಭ್ಯಾಸ ಇಲ್ಲದಿದ್ದರೆ, ಎ ಮತ್ತು ಬಿ ಗುಂಪಿನ ವೈ, ಝಡ್ ಐಟಂಗಳ ಗ್ರಾಫ್ ಬಿಡಿಸಿ ಕಣ್ಣಲ್ಲಿ ನೋಡಿ. ಹತ್ತಿಪ್ಪತ್ತು ಗ್ರಾಫಿಗೆ ಅರ್ಧ ಗಂಟೆ ಸಾಕು.

## ವಾರದ ಲೆಕ್ಕ ಹಾಕಿದರೆ ಎಲ್ಲವೂ ಝಡ್ ಆಗುತ್ತಿದೆಯಲ್ಲ?

ಆಗಲೇಬೇಕು. ಅವಧಿ ಚಿಕ್ಕದಾದಷ್ಟೂ ಓಲಾಟ ಜಾಸ್ತಿ ಕಾಣುತ್ತದೆ. ವಾರವಾರದ ಬೇಡಿಕೆಗಳಿಗೆ ಒಂದಕ್ಕೊಂದು ಸಂಬಂಧ ಇಲ್ಲದಿದ್ದರೆ, ನಾಲ್ಕು ವಾರ ಕೂಡಿಸಿದಾಗ ಸಿವಿ ಅರ್ಧಕ್ಕೆ ಇಳಿಯುತ್ತದೆ. ವಾರದಲ್ಲಿ 0.8 ಇದ್ದದ್ದು ತಿಂಗಳಲ್ಲಿ 0.4. ಐಟಂ ಅದೇ, ಅಕ್ಷರ ಬೇರೆ. ಮಾಲು ಬರಲು ಹಿಡಿಯುವ ಸಮಯಕ್ಕೆ ಹತ್ತಿರವಾದ ಅವಧಿ ಆರಿಸಿಕೊಳ್ಳಿ, ಎಲ್ಲ ಐಟಂಗೂ ಅದನ್ನೇ ಬಳಸಿ.

ಸ್ಟೋರಿನಿಂದ ಹೊರಗೆ ಹೋದದ್ದೆಲ್ಲ ಬೇಡಿಕೆಯೂ ಅಲ್ಲ. ಲೈನಿನವರು ಒಮ್ಮೆ ಬಂದು ಎರಡು ತಿಂಗಳ ಪೇಂಟ್ ಒಯ್ದಿಟ್ಟುಕೊಂಡರೆ ಸ್ಟೋರಿನ ಲೆಕ್ಕದಲ್ಲಿ ಅದು ಏರಿಳಿತ. ಲೈನಿನಲ್ಲಿ ಪೇಂಟ್ ಸಮನಾಗಿಯೇ ಖರ್ಚಾಗುತ್ತಿರುತ್ತದೆ. ನಮ್ಮ ಪಟ್ಟಿಯ ಪೇಂಟ್ ವೈ ಆಗಿರುವುದು ಇದರಿಂದಲೇ ಇರಬಹುದು. ಪಂಪ್ ಸಮನಾಗಿ ತಯಾರಾಗುವಾಗ ಪೇಂಟ್ ಯಾಕೆ ಓಲಾಡಬೇಕು, ಅಲ್ವಾ?

ಇದಕ್ಕೆ ತದ್ವಿರುದ್ಧ ತಪ್ಪೂ ಇದೆ. ಸ್ಟಾಕ್ ಮುಗಿದು ಕೊಡಲಾಗದ ತಿಂಗಳಲ್ಲಿ ಬಳಕೆ ಸೊನ್ನೆ ಅಂತ ದಾಖಲಾಗುತ್ತದೆ. ಬೇಡಿಕೆ ಸೊನ್ನೆ ಇರಲಿಲ್ಲ, ನಮ್ಮ ಹತ್ತಿರ ಮಾಲು ಇರಲಿಲ್ಲ. ಅಂಥ ತಿಂಗಳನ್ನು ಗುರುತು ಮಾಡಿ, ಬಾಕಿ ಉಳಿದ ಬೇಡಿಕೆಯನ್ನು ಅದೇ ತಿಂಗಳಿಗೆ ಸೇರಿಸಿ ಲೆಕ್ಕ ಹಾಕಿ.

## ಎ-ಎಕ್ಸ್ ಐಟಂ ಇಷ್ಟು ಬಿಗಿಯಾಗಿ ನೋಡಿದರೂ ಖಾಲಿಯಾಗುತ್ತಿದೆ. ಯಾಕೆ?

ಬೇಡಿಕೆಯಲ್ಲಿ ತಪ್ಪು ಹುಡುಕಬೇಡಿ. ಸರಬರಾಜಿನಲ್ಲಿ ಹುಡುಕಿ. ಎಕ್ಸ್‌ವೈಝಡ್ ಬೇಡಿಕೆಯ ಏರಿಳಿತವನ್ನು ಮಾತ್ರ ನೋಡುತ್ತದೆ. ಮಾಲು ಹೇಳಿದ ದಿನ ಬರುತ್ತದೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಮೋಟರ್ ಒಂದು ತಿಂಗಳಲ್ಲಿ ಬರಬೇಕು, ಆದರೆ ಒಂದು ವಾರ ಹಿಂದೆ ಮುಂದೆ ಆಗುತ್ತದೆ ಎನ್ನೋಣ. ಅಂದರೆ ಕಾಯುವ ಸಮಯದ ಮಾನಕ ವಿಚಲನೆ ಸುಮಾರು 0.25 ತಿಂಗಳು. ಆಗ ಸೂತ್ರ ಹೀಗೆ:

```
SS = z * SQRT(L*sd^2 + d^2*sdL^2)
```

ಇಲ್ಲಿ `d` ತಿಂಗಳ ಸರಾಸರಿ ಬೇಡಿಕೆ, `sdL` ಕಾಯುವ ಸಮಯದ ಮಾನಕ ವಿಚಲನೆ. ಬೇಡಿಕೆಯ ಪಾಲು ಸುಮಾರು 104, ಸರಬರಾಜಿನ ಪಾಲು 100 × 100 × 0.0625 = 625. ಕೂಡಿ ವರ್ಗಮೂಲ ತೆಗೆದರೆ 27, ಅದನ್ನು 1.645ರಿಂದ ಗುಣಿಸಿದರೆ 44.4. ಬಫರ್ 17ರಿಂದ 45ಕ್ಕೆ ಏರಿತು, ಬೇಡಿಕೆಯಲ್ಲಿ ಒಂದು ಚೂರೂ ಬದಲಾವಣೆ ಇಲ್ಲದೆ. ಹಣದಲ್ಲಿ 510 ಇದ್ದದ್ದು 1,350. ಸರಬರಾಜುದಾರನ ಜೊತೆ ಕೂತು ಮಾತಾಡುವಾಗ ಈ 840ರ ವ್ಯತ್ಯಾಸವನ್ನು ಮೇಜಿನ ಮೇಲಿಡಿ. ಬೆಲೆಯಲ್ಲಿ ಚೌಕಾಸಿ ಮಾಡುವುದಕ್ಕಿಂತ, ಹೇಳಿದ ದಿನ ಕೊಡಿ ಎಂದು ಕೇಳುವುದು ಕೆಲವೊಮ್ಮೆ ಜಾಸ್ತಿ ಲಾಭ.

ಎ ಗುಂಪಿನ ಪ್ರತಿ ಐಟಂಗೂ ಕಳೆದ ಹತ್ತು ಸಲದ ಆರ್ಡರ್ ದಿನ, ಬಂದ ದಿನ ಬರೆದಿಡಿ. ಸಿ ಗುಂಪಿಗೆ ಬೇಡ, ಅಲ್ಲಿ ಬಫರೇ ಇದನ್ನೆಲ್ಲ ನುಂಗುತ್ತದೆ.

## ಹೊಸ ಐಟಂಗೆ ಯಾವ ಅಕ್ಷರ?

ಯಾವುದೂ ಬೇಡ. ಮೂರು ತಿಂಗಳ ಅಂಕಿ ಇಟ್ಟುಕೊಂಡು ಸಿವಿ ತೆಗೆದರೆ ಸಿಗುವುದು ಸುಮ್ನೆ ಒಂದು ಸಂಖ್ಯೆ. ಅದಕ್ಕೆ ಹೊಸದು ಎಂಬ ಬೇರೆ ಗುಂಪು ಮಾಡಿ, ಅದನ್ನು ಹೋಲುವ ಹಳೇ ಐಟಂನ ನಿಯಮವನ್ನು ತಾತ್ಕಾಲಿಕವಾಗಿ ಹಚ್ಚಿ. 12 ತಿಂಗಳಾದ ಮೇಲೆ ಪಟ್ಟಿಗೆ ಸೇರಿಸಿ.

## ಎಷ್ಟು ದಿನಕ್ಕೊಮ್ಮೆ ಮತ್ತೆ ಲೆಕ್ಕ ಹಾಕಬೇಕು? ಗುಂಪು ಬದಲಾದರೆ?

ಆರು ತಿಂಗಳಿಗೊಮ್ಮೆ ಸಾಕಾಗುತ್ತದೆ. ಬೇಡಿಕೆ ಬೇಗ ಬದಲಾಗುವ ವ್ಯವಹಾರವಾದರೆ ಮೂರು ತಿಂಗಳು. ಪ್ರತಿ ತಿಂಗಳೂ ಮಾಡಿದರೆ ಗಡಿಯಲ್ಲಿರುವ ಐಟಂಗಳು ಅಲ್ಲಿಂದಿಲ್ಲಿಗೆ ಹಾರುತ್ತಲೇ ಇರುತ್ತವೆ. ಈ ಸಲ ಸಿವಿ 0.49, ಮುಂದಿನ ಸಲ 0.52. ಪ್ರತಿ ಹಾರಾಟಕ್ಕೂ ಆರ್ಡರ್ ನಿಯಮ ಬದಲಿಸಿದರೆ ಸರಬರಾಜುದಾರನಿಗೂ ತಲೆ ಕೆಡುತ್ತದೆ, ನಿಮಗೂ. ಸಿವಿ 0.45ರಿಂದ 0.55ರ ನಡುವೆ ಇರುವ ಐಟಂ ಹಳೇ ಅಕ್ಷರದಲ್ಲೇ ಇರಲಿ, ಅದನ್ನು ದಾಟಿದರೆ ಮಾತ್ರ ಬದಲಿಸಿ.

ಗಮನಿಸಬೇಕಾದ ಬದಲಾವಣೆ ಒಂದಿದೆ: ಎ-ಎಕ್ಸ್‌ನಿಂದ ಎ-ಝಡ್ ಕಡೆಗೆ ಜಾರುವುದು. ಒಬ್ಬ ದೊಡ್ಡ ಗ್ರಾಹಕ ಕೈಬಿಟ್ಟಾಗ, ಇಲ್ಲವೇ ಮಾದರಿ ಹಳತಾಗಿ ಬಿಡಿಭಾಗವಾಗಿ ಮಾತ್ರ ಹೋಗತೊಡಗಿದಾಗ ಹೀಗಾಗುತ್ತದೆ. ಸರಾಸರಿ ಇಳಿಯುವ ಮೊದಲೇ ಬಳಕೆಯ ಸಾಲಿನಲ್ಲಿ ಸೊನ್ನೆಗಳು ಕಾಣಿಸಿಕೊಳ್ಳುತ್ತವೆ. ಎ ಗುಂಪಿನ ಐಟಂನಲ್ಲಿ ಮೊದಲ ಸೊನ್ನೆ ಕಂಡ ತಿಂಗಳೇ, ಆರು ತಿಂಗಳ ಲೆಕ್ಕಕ್ಕೆ ಕಾಯದೆ, ವಾರದ ಆರ್ಡರ್ ತಡೆಹಿಡಿದು ಮಾರಾಟದವರನ್ನು ಕೇಳಿ.